ಹೊಸ ಕ್ಯಾಬಿನೆಟ್ಟು, ಹಳೇ ಬೋರ್ಡು, ಮುಂದಿನ ಟೈಪ್ ಸಿ ಪೋರ್ಟು

ನನ್ನ ಪಿಸಿಲಿರೋದು ಬಿ450 ಬೋರ್ಡು, 2018ರಲ್ಲಿ ಬಂದ ಚಿಪ್‌ಸೆಟ್ಟು. ಓಡ್ತಾ ಇದೆ, ಬದಲಾಯಿಸೋ ಮನಸ್ಸಿಲ್ಲ, ಕ್ಯಾಬಿನೆಟ್ ಮಾತ್ರ ಹೊಸದು ತಗೊಳೋಣ ಅಂತ ಎಸ್‌ಪಿ ರೋಡಿಗೆ ಹೋದೆ. ಆರಿಸಿದ್ದೇ ಮುಂದೆ ಟೈಪ್ ಸಿ ಪೋರ್ಟ್ ಇದೆ ಅಂತ, ಯಾಕಂದ್ರೆ ಎಕ್ಸ್‌ಟರ್ನಲ್ ಎಸ್‌ಎಸ್‌ಡಿ ಹಾಕಕ್ಕೆ ದಿನಾ ಟೇಬಲ್ ಕೆಳಗೆ ಬಗ್ಗಿ ಹಿಂದ್ಗಡೆ ತಡಕಾಡಿ ಸಾಕಾಗಿತ್ತು. ಅಂಗಡಿಯವ್ರು ಯಾವ ಬೋರ್ಡು ಅಂತ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ.

ಮನೇಲಿ ಜೋಡಿಸ್ತಾ ಕೂತಾಗ ಗೊತ್ತಾಯ್ತು. ಮುಂದಿನ ಎರಡು ಮಾಮೂಲಿ ಯುಎಸ್‌ಬಿ ಪೋರ್ಟಿಂದ ಬರೋ ದಪ್ಪ 19 ಪಿನ್ ಕೇಬಲ್ಲು ಬೋರ್ಡಲ್ಲಿ ಸರಿಯಾಗಿ ಕೂತ್ಕೊಳ್ತು. ಸಿ ಪೋರ್ಟಿನ ಕೇಬಲ್ಲೇ ಬೇರೆ, ತುದೀಲಿ ಚಿಕ್ಕ ಲೋಹದ ತಲೆ, ದೂರದಿಂದ ನೋಡಿದ್ರೆ ಎಚ್‌ಡಿಎಂಐ ಪ್ಲಗ್ಗಿನ ತಮ್ಮನ ಥರ. ಅದಕ್ಕೆ ಬೋರ್ಡಲ್ಲಿ ಜಾಗವೇ ಇಲ್ಲ. ಅದು ಕೂರೋ ಸಾಕೆಟ್ಟಿಗೆ ಟೈಪ್ ಇ ಅಂತಾರೆ, ಕೆಲವು ಮ್ಯಾನ್ಯುಯಲ್‌ಗಳಲ್ಲಿ ಕೀ ಎ ಅಂತಾನೂ ಇರತ್ತೆ. ಬೋರ್ಡಿನ ಹಿಂದೆ ಟೈಪ್ ಸಿ ಇದ್ದ ಮಾತ್ರಕ್ಕೆ ಒಳಗೆ ಈ ಸಾಕೆಟ್ ಇದೆ ಅಂತಲ್ಲ, ಎರಡಕ್ಕೂ ಸಂಬಂಧ ಇಲ್ಲ. ಮ್ಯಾನ್ಯುಯಲ್ಲಿನ ಬೋರ್ಡ್ ಚಿತ್ರದಲ್ಲಿ ಫ್ರಂಟ್ ಟೈಪ್ ಸಿ ಅಂತ ಬೇರೆ ಹೆಡರ್ ತೋರ್ಸಿದ್ರೆ ಮಾತ್ರ ಇದೆ ಅಂತ ಅರ್ಥ.

ವಾಪಸ್ ಅದೇ ಅಂಗಡಿಗೆ ಹೋದೆ. "ಸಾರ್, ಇದಕ್ಕೆ ಕನ್ವರ್ಟರ್ ಬರತ್ತೆ ತಗೊಳಿ" ಅಂತ ಒಂದು ಗಿಡ್ಡ ಕೇಬಲ್ ಕೊಟ್ರು. ಒಂದು ಕಡೆ 19 ಪಿನ್ನು, ಇನ್ನೊಂದು ಕಡೆ ಟೈಪ್ ಇ ಸಾಕೆಟ್ಟು. ಆದ್ರೆ ನನ್ನ ಬೋರ್ಡಲ್ಲಿ 19 ಪಿನ್ ಹೆಡರ್ ಇರೋದೇ ಒಂದು, ಕನ್ವರ್ಟರ್ ಅಲ್ಲಿ ಕೂತ್ರೆ ಮುಂದಿನ ಎರಡು ಮಾಮೂಲಿ ಪೋರ್ಟ್ ಸತ್ತಂಗೆ. ಸರಿ ಆಮೇಲೆ ನೋಡೋಣ ಅಂತ ಮೊದ್ಲು ಹಾಕಿದ್ದ 19 ಪಿನ್ ಪ್ಲಗ್ ತೆಗೆಯಕ್ಕೆ ಹೋದೆ, ಇದು ವಿಪರೀತ ಬಿಗಿ, ನೇರ ಎಳೆದ್ರೆ ಕೆಲವೊಮ್ಮೆ ಹೆಡರಿನ ಸುತ್ತ ಇರೋ ಪ್ಲಾಸ್ಟಿಕ್ ಗೋಡೆನೂ ಪ್ಲಗ್ ಜೊತೆ ಎದ್ದು ಬರತ್ತೆ, ನನಗೆ ಅದೇ ಆಯ್ತು. ಪುಣ್ಯಕ್ಕೆ ಪಿನ್ ಒಂದೂ ಬಗ್ಗಲಿಲ್ಲ, ಪ್ಲಾಸ್ಟಿಕ್ಕನ್ನ ವಾಪಸ್ ಅದರ ಜಾಗಕ್ಕೆ ಒತ್ತಿದೆ, ಕೂತ್ಕೊಳ್ತು. ಈಗ ಬೋರ್ಡ್ ಕಡೆ ಗೋಡೆನ ಒಂದು ಬೆರಳಲ್ಲಿ ಒತ್ತಿ ಹಿಡ್ಕೊಂಡು, ಪ್ಲಗ್ಗನ್ನ ಎರಡೂ ತುದಿಯಿಂದ ಸ್ವಲ್ಪ ಸ್ವಲ್ಪ ಅಲ್ಲಾಡಿಸ್ತಾ ಮೇಲೆತ್ತೀನಿ.

ಕನ್ವರ್ಟರ್ ಹಾಕಿ ಎಸ್‌ಎಸ್‌ಡಿ ಚುಚ್ಚಿದೆ, ಬಂತು. 60 ಜಿಬಿ ವಿಡಿಯೋ ಕಾಪಿಗೆ ಇಟ್ಟೆ, ಸೆಕೆಂಡಿಗೆ 40 ಎಂಬಿ ಮೇಲೆ ಹೋಗ್ತಾನೇ ಇಲ್ಲ, ಅಂದ್ರೆ 25 ನಿಮಿಷ. ಲಿನಕ್ಸಲ್ಲಿ ಇದನ್ನ ಕೊಟ್ಟು ನೋಡಿದೆ:

```
lsusb -t
```

ಎಸ್‌ಎಸ್‌ಡಿ ಸಾಲಿನ ಕೊನೇಲಿ `480M` ಅಂತಿತ್ತು, ಅಂದ್ರೆ ಯುಎಸ್‌ಬಿ 2. ಕೇಬಲ್ ಕಿತ್ತು ಯಾಕೋ ಉಲ್ಟಾ ತಿರುಗಿಸಿ ಹಾಕಿದೆ, `5000M` ಅಂತ ಬಂತು! ಕಾಪಿ 430 ಎಂಬಿಗೆ ಏರ್ತು, ಎರಡೂವರೆ ನಿಮಿಷದೊಳಗೆ ಮುಗೀತು.

ಟೈಪ್ ಸಿ ಹೇಗೆ ಹಾಕಿದ್ರೂ ಒಂದೇ ಅಂತಾರಲ್ಲ, ಮತ್ತೆ ಇದ್ಯಾಕೆ ಹಿಂಗೆ? ಸಿ ಪೋರ್ಟಲ್ಲಿ ಸ್ಪೀಡಿನ ವೈರು ಎರಡು ಜೊತೆ ಇರತ್ತೆ, ಪ್ಲಗ್ ಯಾವ ಕಡೆಗೆ ತಿರುಗಿದೆ ಅನ್ನೋದರ ಮೇಲೆ ಒಂದು ಜೊತೆ ಕೆಲಸಕ್ಕೆ ಬರತ್ತೆ. ಹಳೇ 19 ಪಿನ್ ಹೆಡರಲ್ಲಿ ಎರಡು ಪೋರ್ಟಿನ ವೈರು ಇರತ್ತೆ, ಕನ್ವರ್ಟರ್ ಮಾಡೋರು ಎರಡನ್ನೂ ಸಿ ಪೋರ್ಟಿನ ಎರಡು ಕಡೆಗೆ ಎಳೆದಿದ್ರೆ ಹೇಗೆ ಹಾಕಿದ್ರೂ ಸ್ಪೀಡ್ ಬರತ್ತೆ. ನನ್ನದ್ರಲ್ಲಿ ಒಂದನ್ನೇ ಎಳೆದಿದ್ರು. ಯುಎಸ್‌ಬಿ 2ರ ವೈರು ಎರಡೂ ಕಡೆಗೆ ಒಂದೇ ಆಗಿರೋದ್ರಿಂದ ಉಲ್ಟಾ ಹಾಕಿದ್ರೂ ಡ್ರೈವ್ ಕಾಣ್ಸತ್ತೆ, ಅದಕ್ಕೇ ಕೆಲಸ ಮಾಡ್ತಿದೆ ಅಂತ ಮೋಸ ಹೋಗೋದು. ಕನ್ವರ್ಟರ್ ತಂದ ದಿನಾನೇ ಎರಡೂ ಕಡೆ ತಿರುಗಿಸಿ ನೋಡ್ಬಿಡಿ.

ಸತ್ತ ಎರಡು ಪೋರ್ಟಿಗೆ ಇನ್ನೊಂದು ಕನ್ವರ್ಟರ್ ತಂದೆ, 19 ಪಿನ್ ಪ್ಲಗ್ಗನ್ನ 9 ಪಿನ್ನಿನ ಯುಎಸ್‌ಬಿ 2 ಹೆಡರಿಗೆ ಇಳಿಸೋದು, ಅಂಥ ಹೆಡರ್ ನನ್ನ ಬೋರ್ಡಲ್ಲಿ ಎರಡಿದ್ವು, ಒಂದು ಖಾಲಿ. ಪೆನ್‌ಡ್ರೈವು, ಮೌಸಿನ ಡಾಂಗಲ್ಲಿಗೆ ಅದು ಧಾರಾಳ ಸಾಕು.

ಪಿಸಿಐ ಎಕ್ಸ್‌ಪ್ರೆಸ್ ಕಾರ್ಡ್ ಯಾಕೆ ಹಾಕ್ಲಿಲ್ಲ ಅಂತ ಗೆಳೆಯ ಕೇಳ್ದ. ಟೈಪ್ ಇ ಸಾಕೆಟ್ ಇರೋ ಕಾರ್ಡ್ ಸಿಗತ್ತೆ, 10 ಜಿಬಿಪಿಎಸ್ ಅಂತ ಬರೆದಿರ್ತಾರೆ. ಆದ್ರೆ ಬಿ450 ಚಿಪ್‌ಸೆಟ್ಟಿಂದ ಬರೋ ಲೇನುಗಳು ಪಿಸಿಐ ಎಕ್ಸ್‌ಪ್ರೆಸ್ 2.0, ಚಿಕ್ಕ ಎಕ್ಸ್1 ಸ್ಲಾಟಲ್ಲಿ ಸೆಕೆಂಡಿಗೆ 500 ಎಂಬಿನೇ ಮಿತಿ, ಕನ್ವರ್ಟರಲ್ಲಿ ಬರೋದಕ್ಕೂ ಅದಕ್ಕೂ ಅಂಥ ವ್ಯತ್ಯಾಸ ಏನಿಲ್ಲ. ಉದ್ದದ ಎರಡನೇ ಸ್ಲಾಟಲ್ಲಿ ಹಾಕಿದ್ರೆ ಪ್ರಯೋಜನ ಇತ್ತು, ನನ್ನದ್ರಲ್ಲಿ ಗ್ರಾಫಿಕ್ಸ್ ಕಾರ್ಡಿನ ದಪ್ಪ ಅದನ್ನ ಮುಚ್ಚಿದೆ.

ಫೋನ್ ಚಾರ್ಜು ಮಾತ್ರ ಈ ಪೋರ್ಟಲ್ಲಿ ಆಮೆ ಥರ, ಹಳೇ ಹೆಡರಿಂದ ಬರೋದು 0.9 ಆಂಪಿಯರ್ ಅಷ್ಟೇ. ಎಸ್‌ಎಸ್‌ಡಿ ಕೇಬಲ್ಲಿನ ಪ್ಲಗ್ ಮೇಲೆ ಸ್ಪೀಡ್ ಬರೋ ಕಡೆಗೆ ವೈಟ್ನರಲ್ಲಿ ಒಂದು ಚುಕ್ಕೆ ಇಟ್ಟಿದೀನಿ, ಚುಕ್ಕೆ ಕಾಣೋ ಹಂಗೆ ಹಾಕೋದು.