ಗೇಮಿಂಗ್‌ಗೆ ಕೀಬೋರ್ಡ್ ಸ್ವಿಚ್ ಆರಿಸೋದು ಹೇಗೆ: ಬೆರಳು ಎತ್ತಿ ನೋಡಿ

ನಮ್ಮಕ್ಕನ ಮಗ ಹೋದ ವರ್ಷ ಕೂಡಿಟ್ಟ ದುಡ್ಡಲ್ಲಿ ಒಂದು ಮೆಕ್ಯಾನಿಕಲ್ ಕೀಬೋರ್ಡ್ ತಗೊಂಡ, ಬ್ಲೂ ಸ್ವಿಚ್ಚಿಂದು. ಅಂಗಡೀಲಿ ನಾಲ್ಕು ಕೀ ಒತ್ತಿ ನೋಡಿದ್ದಾನೆ, ಟಕ್ ಟಕ್ ಅಂದಿದೆ, ಖುಷಿಯಾಗಿ ದುಡ್ಡು ಕೊಟ್ಟು ಬಂದಿದ್ದಾನೆ. ಒಂದು ವಾರಕ್ಕೆ ಫೋನು. "ಮಾಮ, ಕೌಂಟರ್ ಸ್ಟ್ರೈಕಲ್ಲಿ ನಿಂತೇ ಹೊಡೀತೀನಿ, ಆದ್ರೂ ಗುಂಡು ಎಲ್ಲೆಲ್ಲೋ ಹೋಗ್ತಿದೆ, ಹಳೇ ಕೀಬೋರ್ಡಲ್ಲಿ ಹಿಂಗಾಗ್ತಿರ್ಲಿಲ್ಲ." ನಾನು ಕೇಳಿದ್ದು ಒಂದೇ: "ಲೋ, ತಗೊಳ್ಳೋವಾಗ ಒತ್ತಿ ನೋಡಿದ್ಯಲ್ಲ, ಬೆರಳು ಎತ್ತಿ ನೋಡಿದ್ಯಾ?"

ಅವನೊಬ್ಬನೇ ಅಲ್ಲ, ನಾನು ನೋಡಿರೋ ಹತ್ತರಲ್ಲಿ ಎಂಟು ಜನ ಇದೇ ತಪ್ಪು ಮಾಡ್ತಾರೆ, ಅದಕ್ಕೇ ಇದನ್ನ ಬರೀತಿರೋದು.

ಮೊದಲು: ನಿಜವಾಗ್ಲೂ ಮೆಕ್ಯಾನಿಕಲ್ಲಾ?

ಒಂದು ಕೀಕ್ಯಾಪ್ ಎತ್ತಿ. ಕೆಳಗೆ ಪ್ರತಿ ಕೀಗೂ ಬೇರೆಬೇರೆ ಚೌಕಾಕಾರದ ಪುಟ್ಟ ಡಬ್ಬಿ, ಅದರ ಮಧ್ಯ ಬಣ್ಣದ ಕಾಂಡ ಇದ್ರೆ ಸರಿ, ಆ ಡಬ್ಬೀನೇ ಸ್ವಿಚ್. 'ಮೆಕ್ಯಾನಿಕಲ್ ಫೀಲ್' ಅಂತ ಡಬ್ಬದ ಮೇಲೆ ಬರೆದಿದ್ರೆ ಅದು ರಬ್ಬರ್ ಶೀಟಿನ ಕೀಬೋರ್ಡೇ, ಬಣ್ಣದ ಲೈಟ್ ನೋಡಿ ಮೋಸ ಹೋಗ್ಬೇಡಿ.

ಎರಡನೇದು: ಮೂರು ಜಾತಿ ಗೊತ್ತಿರಲಿ

ಲೀನಿಯರ್ ಅಂದ್ರೆ ಮೇಲಿಂದ ಕೆಳಗಿನವರೆಗೂ ಸಲೀಸಾಗಿ ಇಳಿಯತ್ತೆ, ಮಧ್ಯ ಏನೂ ತಡೆಯಲ್ಲ, ಸ್ಪ್ರಿಂಗ್ ಮಾತ್ರ ಕ್ರಮೇಣ ಬಿಗಿಯಾಗ್ತಾ ಹೋಗತ್ತೆ. ಟ್ಯಾಕ್ಟೈಲ್‌ನಲ್ಲಿ ದಾರಿ ಮಧ್ಯ ಒಂದು ಸಣ್ಣ ಉಬ್ಬು, ಬೈಕ್ ಹಂಪ್ ಹತ್ತಿದ ಹಾಗೆ, ಅದನ್ನ ದಾಟಿದ್ರೆ ಅಕ್ಷರ ಬಿತ್ತು ಅಂತ ಬೆರಳಿಗೆ ಗೊತ್ತಾಗತ್ತೆ. ಕ್ಲಿಕಿಯಲ್ಲಿ ಆ ಉಬ್ಬಿನ ಜೊತೆ ಸದ್ದೂ ಇರತ್ತೆ.

ಚೆರ್ರಿ ಕಂಪನಿಯ ಎಂಎಕ್ಸ್‌ನಲ್ಲಿ ರೆಡ್ ಲೀನಿಯರ್, ಬ್ರೌನ್ ಟ್ಯಾಕ್ಟೈಲ್, ಬ್ಲೂ ಕ್ಲಿಕಿ, ಇದನ್ನೇ ಬಹಳಷ್ಟು ಕಂಪನಿಗಳು ಅನುಸರಿಸ್ತವೆ. ಆದ್ರೆ ಬಣ್ಣ ಅನ್ನೋದು ಐಎಸ್‌ಐ ಮಾರ್ಕ್ ಅಲ್ಲ. ಗೇಟೆರಾನ್ ಕಂಪನಿಯ ಯೆಲ್ಲೋ ಲೀನಿಯರ್, ರೇಜರ್ ಕಂಪನಿಯ ಗ್ರೀನ್ ಕ್ಲಿಕಿ, ರೇಜರ್ ಆರೆಂಜ್ ಟ್ಯಾಕ್ಟೈಲ್. ಬಣ್ಣ ಕೇಳ್ಬೇಡಿ, ಜಾತಿ ಕೇಳಿ.

ಮೂರನೇದು: ಬೆರಳು ಎತ್ತೋ ಪರೀಕ್ಷೆ. ಇಲ್ಲೇ ಎಲ್ರೂ ಎಡವೋದು

ಪ್ರತಿ ಸ್ವಿಚ್ಚಲ್ಲೂ ಎರಡು ಜಾಗ ಇರ್ತವೆ. ಒತ್ತುತ್ತಾ ಹೋದಾಗ ಎಲ್ಲಿ ಕೀ ಆನ್ ಆಗತ್ತೋ ಅದೊಂದು, ವಾಪಸ್ ಎತ್ತುವಾಗ ಎಲ್ಲಿ ಆಫ್ ಆಗತ್ತೋ ಅದೊಂದು. ಮೊದಲನೇದನ್ನ ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ ಹಾಕ್ತಾರೆ, ಎರಡನೇದನ್ನ ಯಾರೂ ಹಾಕಲ್ಲ. ಅದಕ್ಕೆ ರೀಸೆಟ್ ಪಾಯಿಂಟ್ ಅಂತಾರೆ.

ಎಂಎಕ್ಸ್ ರೆಡ್ ತಗೊಳ್ಳಿ, ಒಟ್ಟು 4 ಮಿ.ಮೀ. ಇಳಿಯತ್ತೆ, 2 ಮಿ.ಮೀ.ಗೆ ಆನ್ ಆಗತ್ತೆ, ಎತ್ತುವಾಗ ಹೆಚ್ಚುಕಡಿಮೆ ಅದೇ ಜಾಗದಲ್ಲಿ ಆಫ್. ಬ್ಲೂ 2.2 ಮಿ.ಮೀ.ಗೆ ಆನ್ ಆಗತ್ತೆ, ಆದ್ರೆ ಆಫ್ ಆಗೋಕೆ ಆ ಜಾಗ ದಾಟಿ ಇನ್ನೂ ಅರ್ಧ ಮಿಲಿಮೀಟರಿಗಿಂತ ಜಾಸ್ತಿ ಮೇಲೆ ಬರ್ಬೇಕು. ಯಾಕಂದ್ರೆ ಬ್ಲೂ ಒಳಗಿನ ಕಾಂಡ ಒಂದೇ ತುಂಡಲ್ಲ, ಎರಡು. ಕೆಳಗಿನ ತುಂಡು ಸಡಿಲವಾಗಿ ನೇತಾಡ್ತಿರತ್ತೆ, ಒತ್ತಿದಾಗ ಸ್ವಲ್ಪ ಹೊತ್ತು ತಡೆದು ಆಮೇಲೆ ಚಟ್ ಅಂತ ಕೆಳಗೆ ಹಾರತ್ತೆ, ಅದೇ ನಮಗೆ ಕೇಳ್ಸೋ ಸದ್ದು. ನೀವು ಬೆರಳು ಎತ್ತಿದಾಗ ಅದು ತಕ್ಷಣ ಮೇಲೆ ಬರಲ್ಲ, ಮೇಲಿನ ತುಂಡು ಬಂದು ಅದನ್ನ ಎಳ್ಕೊಂಡು ಹೋಗೋವರೆಗೂ ಅಲ್ಲೇ ಕೂತಿರತ್ತೆ, ಅಲ್ಲಿವರೆಗೂ ಕಂಪ್ಯೂಟರ್ ಲೆಕ್ಕದಲ್ಲಿ ನೀವು ಕೀ ಬಿಟ್ಟೇ ಇಲ್ಲ.

ಇದನ್ನ ಕೈಯಾರೆ ನೋಡೋಕೆ ಯಾವ ಸಾಫ್ಟ್‌ವೇರೂ ಬೇಡ. ನೋಟ್‌ಪ್ಯಾಡ್ ತೆಗೀರಿ. ಒಂದು ಕೀನ ಆದಷ್ಟು ನಿಧಾನಕ್ಕೆ ಒತ್ತಿ, ಅಕ್ಷರ ಬಿದ್ದ ಕೂಡ್ಲೇ ಬೆರಳು ಅಲ್ಲೇ ನಿಲ್ಸಿ. ಒಂದು ಕ್ಷಣಕ್ಕೆ ಅದೇ ಅಕ್ಷರ ಸಾಲುಸಾಲಾಗಿ ಬೀಳೋಕೆ ಶುರುವಾಗತ್ತೆ. ಈಗ ಕೀಬೋರ್ಡ್ ಪಕ್ಕಕ್ಕೆ ತಲೆ ಬಗ್ಗಿಸಿ, ಪಕ್ಕದ ಕೀ ಎತ್ತರಕ್ಕೆ ಹೋಲಿಸ್ಕೊಂಡು ನೋಡ್ತಾ, ಕೂದಲೆಳೆ ಕೂದಲೆಳೆಯಾಗಿ ಬೆರಳು ಎತ್ತಿ. ಅಕ್ಷರ ಬೀಳೋದು ಎಲ್ಲಿ ನಿಂತಿತೋ ಅದೇ ರೀಸೆಟ್. ರೆಡ್‌ನಲ್ಲಿ ಎತ್ತೋಕೆ ಶುರು ಮಾಡಿದ ಕೂಡ್ಲೇ ನಿಲ್ಲತ್ತೆ. ಬ್ಲೂನಲ್ಲಿ ಕೀ ಕಣ್ಣಿಗೆ ಕಾಣೋಷ್ಟು ಮೇಲೆ ಬಂದಿರತ್ತೆ, ಅಕ್ಷರ ಇನ್ನೂ ಬೀಳ್ತಾನೇ ಇರತ್ತೆ. ಬೆರಳು ನಡುಗಿದ್ರೆ ತಪ್ಪು ಬರತ್ತೆ, ಮೂರ್ನಾಲ್ಕು ಸಲ ಮಾಡಿ. ಅಂಗಡೀಲಿ ಕಂಪ್ಯೂಟರ್ ಇಲ್ಲ ಅಂದ್ರೆ ಒಂದು ಓಟಿಜಿ ಕನೆಕ್ಟರ್ ಜೇಬಲ್ಲಿ ಇಟ್ಕೊಂಡು ಹೋಗಿ, ಕೀಬೋರ್ಡನ್ನ ನಿಮ್ಮ ಆಂಡ್ರಾಯ್ಡ್ ಫೋನಿಗೇ ಚುಚ್ಚಿ ನೋಟ್ಸ್‌ನಲ್ಲಿ ನೋಡಬಹುದು. ಎಸ್‌.ಪಿ. ರೋಡಲ್ಲಿ ನಾನು ಹೀಗೇ ಮಾಡೋದು, ಅಂಗಡಿಯವರು ಒಂಥರಾ ನೋಡ್ತಾರೆ, ನೋಡ್ಲಿ.

ಆಟದಲ್ಲಿ ಇದರಿಂದ ಏನಾಗತ್ತೆ ಅಂದ್ರೆ, ಕೌಂಟರ್ ಸ್ಟ್ರೈಕ್ 2ರಲ್ಲಿ ಓಡ್ತಾ ಹೊಡೆದ್ರೆ ಗುಂಡು ಚೆಲ್ಲಾಪಿಲ್ಲಿ. ಅದಕ್ಕೇ D ಹಿಡ್ಕೊಂಡು ಬಲಕ್ಕೆ ಹೋಗ್ತಿರೋನು D ಬಿಟ್ಟು A ಒಂದು ಚಿಟಿಕೆ ಒತ್ತಿ, ಬ್ರೇಕ್ ಹಾಕಿದ ಹಾಗೆ ಗಕ್ಕನೆ ನಿಂತು ಹೊಡೀತಾನೆ. ಈಗ D ಬ್ಲೂ ಸ್ವಿಚ್ಚು ಅನ್ಕೊಳ್ಳಿ. ಬೆರಳು ಸ್ವಲ್ಪ ಎತ್ತಿದಾನೆ, ಬಿಟ್ಟೆ ಅಂತ ತಲೇಲಿ ಲೆಕ್ಕ, A ಒತ್ತಿದಾನೆ. ಆಟಕ್ಕೆ ಕಾಣ್ತಿರೋದು D, A ಎರಡೂ ಒಟ್ಟಿಗೆ ಒತ್ತಿದೆ ಅಂತ. ಎರಡೂ ಒಂದನ್ನೊಂದು ಹೊಡೆದುಹಾಕ್ತವೆ, ಬ್ರೇಕ್ ಬೀಳೋ ಬದಲು ಕ್ಲಚ್ ಹಿಡಿದ ಗಾಡಿ ಥರ ತಾನಾಗೇ ಉರುಳ್ಕೊಂಡು ನಿಧಾನಕ್ಕೆ ನಿಲ್ಲತ್ತೆ, ಅಷ್ಟರಲ್ಲಿ ಗುಂಡು ಹಾರಿರತ್ತೆ. ನಮ್ಮ ಹುಡುಗನಿಗೆ ಆಗ್ತಿದ್ದಿದ್ದು ಇದೇ. ಬೆರಳನ್ನ ಪೂರ್ತಿ ಎತ್ತೋ ಅಭ್ಯಾಸ ಇರೋರಿಗೆ ಬ್ಲೂನಲ್ಲೂ ತೊಂದ್ರೆ ಕಮ್ಮಿ, ಅರ್ಧ ಎತ್ತಿ ಆಡೋರಿಗೆ ಬಹಳ.

ಕ್ಲಿಕ್ ಸದ್ದು ಇಲ್ದೆ ಊಟ ಸೇರಲ್ಲ ಅನ್ನೋರಿಗೆ ಕೈಲ್ ಕಂಪನಿಯ ಬಾಕ್ಸ್ ವೈಟ್ ಸ್ವಿಚ್ ಇದೆ. ಅದರಲ್ಲಿ ಎರಡು ತುಂಡಿನ ಕಾಂಡ ಇಲ್ಲ, ಸಣ್ಣ ಲೋಹದ ಕಡ್ಡಿ ಮೀಟಿ ಸದ್ದು ಬರತ್ತೆ, ಒತ್ತಿದಾಗೊಂದು ಬಿಟ್ಟಾಗೊಂದು, ಆದ್ರಿಂದ ಆನ್ ಆಫ್ ಮಧ್ಯದ ಅಂತರ ಕಮ್ಮಿ. ಮೈಕ್ ಆನ್ ಇಟ್ಟು ಟೀಮಲ್ಲಿ ಆಡೋರು ಮಾತ್ರ ದಯವಿಟ್ಟು ಇದನ್ನೂ ತಗೋಬೇಡಿ.

ಟ್ಯಾಕ್ಟೈಲ್ ವಿಷ್ಯಕ್ಕೆ ಬಂದ್ರೆ, ಬ್ರೌನ್‌ನ ಉಬ್ಬು ಎಷ್ಟು ಚಿಕ್ಕದು ಅಂದ್ರೆ ಅದನ್ನ ಮರಳು ಬಿದ್ದಿರೋ ರೆಡ್ ಅಂತ ಆಡ್ಕೋತಾರೆ, ಗೇಮಿಂಗಿಗೆ ಅಡ್ಡಿಯೇನೂ ಮಾಡಲ್ಲ, ದಿನಪೂರ್ತಿ ಆಫೀಸ್ ಟೈಪಿಂಗ್ ಮಾಡಿ ರಾತ್ರಿ ಆಡೋರಿಗೆ ಹೊಂದ್ಕೊಳ್ಳತ್ತೆ. ದೊಡ್ಡ ಉಬ್ಬಿನ ಟ್ಯಾಕ್ಟೈಲ್ ಬೇರೆ ಕಥೆ. W ಒತ್ತಿ ಹಿಡ್ಕೊಳ್ಳೋವಾಗ ಗೊತ್ತಾಗಲ್ಲ, ಒಂದೇ ಕೀನ ಪಟಪಟ ಬಡಿಯೋವಾಗ ಪ್ರತಿ ಸಲವೂ ಆ ಹಂಪ್ ಹತ್ತಿ ಇಳೀಬೇಕು, ಹತ್ತು ನಿಮಿಷಕ್ಕೆ ಬೆರಳಿಗೆ ಸಾಕಾಗತ್ತೆ. ನನ್ನ ಮಾತು ಕೇಳೋದಾದ್ರೆ ಶೂಟಿಂಗ್ ಗೇಮಿಗೆ ಲೀನಿಯರ್, ಮುಗೀತು.

ನಾಲ್ಕನೇದು: ಭಾರ, ಮತ್ತೆ ಸ್ಪೀಡ್ ಅನ್ನೋ ಆಸೆ

ರೆಡ್ ಆನ್ ಆಗೋಕೆ ಸುಮಾರು 45 ಗ್ರಾಂ ಒತ್ತಡ ಬೇಕು, ಅದೇ ಲೀನಿಯರ್ ಜಾತಿಯ ಬ್ಲ್ಯಾಕ್‌ಗೆ 60. ಬೆರಳನ್ನ ಕೀ ಮೇಲೆ ಭಾರ ಬಿಟ್ಟು ಕೂರೋ ಅಭ್ಯಾಸ ಇದ್ರೆ ಬಿಗಿ ಸ್ಪ್ರಿಂಗ್ ತಗೊಳ್ಳಿ.

ಸಿಲ್ವರ್ ಅಥವಾ ಸ್ಪೀಡ್ ಅಂತ ಮಾರೋ ಸ್ವಿಚ್, ಚೆರ್ರಿಯದ್ದು, 1.2 ಮಿ.ಮೀ.ಗೇ ಆನ್ ಆಗತ್ತೆ. ಕೇಳೋಕೆ ಚೆನ್ನಾಗಿದೆ ಅಂತ ನಾನೂ ಇಡೀ ಬೋರ್ಡಿಗೆ ಹಾಕಿದ್ದೆ. ಗೋಡೆ ಮರೇಲಿ ಉಸಿರು ಬಿಗಿ ಹಿಡ್ಕೊಂಡು ಕೂತಿರ್ತೀನಿ, W ಮೇಲೆ ಬೆರಳು ಸುಮ್ನೆ ಇಟ್ಟಿದ್ದಕ್ಕೇ ನನ್ನ ಆಳು ಹೊರಗೆ ಒಂದು ಹೆಜ್ಜೆ ಇಟ್ಟಿರ್ತಾನೆ, ತಲೆ ಹೋಯ್ತು. ಮೇಲಿಂದ 0.8 ಮಿ.ಮೀ. ಬೇಗ ಆನ್ ಆಯ್ತು ನಿಜ, ಆದ್ರೆ ಆಫ್ ಆಗೋ ಜಾಗವೂ ಅಷ್ಟೇ ಮೇಲೆ ಹೋಯ್ತಲ್ಲ, ತಳದವರೆಗೆ ಗುದ್ದೋ ನನ್ನಂಥೋನು ಬಿಡೋಕೆ ಇನ್ನೂ ಹೆಚ್ಚು ದೂರ ಬೆರಳು ಎತ್ತಬೇಕಾಯ್ತು. ಇದರ ಒಟ್ಟು ಆಳ 3.4 ಮಿ.ಮೀ., ಅಂದ್ರೆ ತಳದಿಂದ 2.2 ಎತ್ತಬೇಕು, ರೆಡ್‌ನಲ್ಲಿ 2 ಸಾಕಿತ್ತು. ಒಂದು ತಿಂಗಳಿಗೆ ಬಿಚ್ಚಿಟ್ಟೆ.

ದುಡ್ಡಿದ್ರೆ ಈ ತಲೆನೋವಿಗೆಲ್ಲ ಮದ್ದು ಅಂದ್ರೆ ಹಾಲ್ ಎಫೆಕ್ಟ್ ಕೀಬೋರ್ಡ್, ವೂಟಿಂಗ್ ಥರದ್ದು. ಅದರಲ್ಲಿ ಲೋಹ ಲೋಹಕ್ಕೆ ತಾಗೋದಿಲ್ಲ, ಅಯಸ್ಕಾಂತ ಎಷ್ಟು ಹತ್ರ ಬಂತು ಅಂತ ಅಳೆಯತ್ತೆ. ರ‍್ಯಾಪಿಡ್ ಟ್ರಿಗರ್ ಅನ್ನೋ ಸೆಟ್ಟಿಂಗ್ ಆನ್ ಮಾಡಿದ್ರೆ ಕೀ ಎಷ್ಟೇ ಆಳದಲ್ಲಿರಲಿ, ಮೇಲಕ್ಕೆ ಚೂರು ಸರಿದ ಕೂಡ್ಲೇ ಆಫ್. ಆದ್ರೆ ಎರಡು ಕೀ ಒಟ್ಟಿಗೆ ಒತ್ತಿದ್ರೆ ಕೊನೇದನ್ನ ಮಾತ್ರ ಕಳ್ಸೋ ಸ್ನ್ಯಾಪ್ ಟ್ಯಾಪ್ ಥರದ ಸೌಲಭ್ಯನ ಕೌಂಟರ್ ಸ್ಟ್ರೈಕ್ 2ರಲ್ಲಿ ಆನ್ ಮಾಡ್ಬೇಡಿ, 2024ರ ಆಗಸ್ಟಿಂದ ಆಟದ ಕಂಪನಿ ವಾಲ್ವ್ ಸರ್ವರ್‌ಗಳು ಅದನ್ನ ಕಂಡ್ರೆ ಮ್ಯಾಚಿಂದ ಹೊರಗೆ ಹಾಕ್ತವೆ.

ಐದನೇದು: ಇರೋ ಬೋರ್ಡಲ್ಲೇ ಬದಲಾಯ್ಸೋದು

ಹಾಟ್‌ಸ್ವ್ಯಾಪ್ ಅಂತ ಬರೆದಿದ್ರೆ ಬೆಸುಗೆ ಬೇಡ, ಹೊಸ ಕೀಬೋರ್ಡೂ ಬೇಡ. W, A, S, D ಮತ್ತೆ ಸ್ಪೇಸ್, ಐದು ಸ್ವಿಚ್ ಬದಲಾಯ್ಸಿದ್ರೆ ಸಾಕು. ಕೊಳ್ಳೋ ಮುಂಚೆ ಎರಡು ವಿಷ್ಯ ನೋಡಿ. ಸ್ವಿಚ್ ಅಡಿಯಲ್ಲಿ ಎರಡು ಲೋಹದ ಪಿನ್, ಒಂದು ದಪ್ಪ ಪ್ಲಾಸ್ಟಿಕ್ ಕಾಲು ಇರತ್ತೆ, ಕೆಲವಕ್ಕೆ ಅಕ್ಕಪಕ್ಕ ಇನ್ನೆರಡು ಪ್ಲಾಸ್ಟಿಕ್ ಕಡ್ಡಿ ಇದ್ದು ಅದನ್ನ 5 ಪಿನ್ ಅಂತಾರೆ. ನಿಮ್ಮ ಬೋರ್ಡಲ್ಲಿ ಆ ಕಡ್ಡಿಗೆ ತೂತಿಲ್ಲದಿದ್ರೆ ನೇಲ್ ಕಟರಲ್ಲಿ ಕತ್ತರಿಸಿ, ಏನೂ ಆಗಲ್ಲ. ಎರಡನೇದು, ಕೆಲವು ಅಗ್ಗದ ಬೋರ್ಡಿನ ಸಾಕೆಟ್ ತೂತು ಔಟೆಮು ಸ್ವಿಚ್‌ನ ಸಣ್ಣ ಪಿನ್ನಿಗೆ ಮಾತ್ರ ಹಿಡಿಯತ್ತೆ, ಗೇಟೆರಾನ್ ಕೈಲ್ ತುರುಕಿದ್ರೆ ಸಾಕೆಟ್ಟೇ ಹಾಳು. ಅಯಸ್ಕಾಂತದ ಸ್ವಿಚ್ ಅಂತೂ ಮಾಮೂಲಿ ಬೋರ್ಡಲ್ಲಿ ಕೆಲ್ಸಾನೇ ಮಾಡಲ್ಲ.

ಯುಎಸ್‌ಬಿ ವೈರ್ ಕಿತ್ತು, ಕೀಕ್ಯಾಪ್ ತೆಗೆದು, ಸ್ವಿಚ್ ಕೀಳೋ ಪುಲ್ಲರ್‌ನಲ್ಲಿ ಸ್ವಿಚ್‌ನ ಮೇಲೆ ಕೆಳಗಿನ ಕೊಕ್ಕೆ ಅದುಮಿ ನೆಟ್ಟಗೆ ಎಳೀರಿ. ಹೊಸದನ್ನ ಹಾಕೋ ಮುಂಚೆ ಎರಡೂ ಪಿನ್ ಬೆಳಕಿಗೆ ಹಿಡಿದು ನೋಡಿ, ಸೊಟ್ಟ ಇದ್ರೆ ಟ್ವೀಜರ್‌ನಲ್ಲಿ ನೆಟ್ಟಗೆ ಮಾಡಿ, ಆಮೇಲೆ ಓರೆಯಾಗ್ದೆ ನೇರವಾಗಿ ಅದುಮಿ. ಹಾಕಿದ ಮೇಲೆ ಕೀ ಕೆಲಸ ಮಾಡ್ತಿಲ್ಲ ಅಂದ್ರೆ ಬೋರ್ಡ್ ಹೋಯ್ತು ಅಂತ ಗಾಬರಿ ಬೀಳ್ಬೇಡಿ, ಬಹುತೇಕ ಪಿನ್ ಮಡಚ್ಕೊಂಡು ಸ್ವಿಚ್ ಅಡೀಲಿ ಮಲಗಿರತ್ತೆ. ಹಳೇ ಸ್ವಿಚ್ ಗರಗರ ಅಂತ ಡಬ್ಲ್ಯುಡಿ 40 ಹೊಡೆಯೋ ಶಾರ್ಟ್‌ಕಟ್ ಯಾರಾದ್ರೂ ಹೇಳಿದ್ರೆ ಕೇಳ್ಬೇಡಿ, ಅದು ಸ್ವಿಚ್ಚಿಗೆ ಹಾಕೋ ಲೂಬ್ ಅಲ್ಲ.

ನಮ್ಮ ಹುಡುಗನ ಬೋರ್ಡು ಪುಣ್ಯಕ್ಕೆ ಹಾಟ್‌ಸ್ವ್ಯಾಪ್ ಆಗಿತ್ತು, ಸಣ್ಣ ಪಿನ್ನಿಂದು. ಔಟೆಮು ರೆಡ್ ಒಂದು ಪ್ಯಾಕೆಟ್ ತಂದು ಒಂದು ಬಿಟ್ಟು ಉಳಿದೆಲ್ಲಾ ಕೀಗೂ ಹಾಕಿದ್ವಿ, ನೋಟ್‌ಪ್ಯಾಡ್ ಪರೀಕ್ಷೆ ಅವನ ಕೈಲೇ ಮಾಡ್ಸಿದೆ. ರಾತ್ರಿ ಹನ್ನೊಂದಕ್ಕೆ ಅಕ್ಕ ಫೋನ್ ಮಾಡಿ "ಏನೋ ಮಾಡ್ದೆ, ಮನೆ ಇಷ್ಟು ನಿಶ್ಶಬ್ದವಾಗಿದೆ" ಅಂದ್ಲು. Esc ಕೀಗೆ ಮಾತ್ರ ಅವನು ಬ್ಲೂನೇ ಉಳಿಸ್ಕೊಂಡಿದಾನೆ, ಸೋತಾಗ ಟಕ್ ಅಂತ ಹೊರಗೆ ಬರೋಕೆ.