ಹದಿನೈದರ ಬೌಲರ್‌ಗೆ ದಿನಕ್ಕೆಷ್ಟು ಬೇಕು: ಹಾಸನದ ಅಡುಗೆಮನೆ ಲೆಕ್ಕ

ನಾನು ಲೆಕ್ಕ ಶುರುಮಾಡುವುದು ಹುಡುಗನ ತೂಕದಿಂದ. 15 ವರ್ಷ, 50 ಕೆ.ಜಿ., ಬೆಳಿಗ್ಗೆ ಎರಡೂವರೆ ಗಂಟೆ ನೆಟ್ಸ್‌ನಲ್ಲಿರುವ ಮಧ್ಯಮ ವೇಗಿ ಎಂದಿಟ್ಟುಕೊಳ್ಳಿ. ಈ ವಯಸ್ಸಿನ ಹುಡುಗರಿಗಿರುವ ಸೂತ್ರದಂತೆ ತೂಕವನ್ನು 17.7ರಿಂದ ಗುಣಿಸಿ 658 ಕೂಡಿಸಿದರೆ ಸುಮಾರು 1540 ಕ್ಯಾಲೊರಿ. ಸುಮ್ಮನೆ ಮಲಗಿದ್ದರೂ ದೇಹಕ್ಕೆ ಬೇಕಾದದ್ದು ಇಷ್ಟು. ಶಾಲೆ, ಓಡಾಟಕ್ಕೆಂದು ಅದನ್ನು 1.6ರಿಂದ ಗುಣಿಸಿ, ನೆಟ್ಸ್‌ಗೆ ಇನ್ನೊಂದು 430 ಸೇರಿಸಿದರೆ 2900ರ ಆಸುಪಾಸು ಬರುತ್ತದೆ. ಪ್ರೋಟೀನ್ ಕೆ.ಜಿ.ಗೆ 1.5 ಗ್ರಾಂನಂತೆ 75 ಗ್ರಾಂ.

ಅಳತೆ ಯಾವಾಗಲೂ ಬೇಯಿಸುವ ಮುಂಚಿನದು. ಮೋಸ ಆಗುವುದೇ ಇಲ್ಲಿ. ನಾಲ್ಕು ಜನರ ಸಾರಿಗೆ 100 ಗ್ರಾಂ ತೊಗರಿಬೇಳೆ ಹಾಕಿದರೆ ಒಬ್ಬರ ಪಾಲಿಗೆ 25 ಗ್ರಾಂ, ಅಂದರೆ ಐದೂವರೆ ಗ್ರಾಂ ಪ್ರೋಟೀನ್. ಅದೂ ಸೌಟು ತಳಕ್ಕೆ ಹೋದರೆ ಮಾತ್ರ. ಮೇಲಿನ ತಿಳಿ ಬಡಿಸಿಕೊಂಡವನಿಗೆ ಅದರ ಅರ್ಧವೂ ಸಿಗುವುದಿಲ್ಲ.

ದಿನದ ಊಟ ಹೀಗೆ ಕೂಡುತ್ತದೆ. ಮೈದಾನಕ್ಕೆ ಹೋಗುವ ಮುಂಚೆ ಎರಡು ಬಾಳೆಹಣ್ಣು: 200 ಕ್ಯಾಲೊರಿ, 2 ಗ್ರಾಂ ಪ್ರೋಟೀನ್. ಬಂದ ಮೇಲೆ 100 ಗ್ರಾಂ ಹಿಟ್ಟಿನ ಅಕ್ಕಿರೊಟ್ಟಿ, ಎರಡು ಮೊಟ್ಟೆ, ಒಂದು ಲೋಟ ಹಾಲು: 750 ಕ್ಯಾಲೊರಿ, 27 ಗ್ರಾಂ. ಮಧ್ಯಾಹ್ನ 120 ಗ್ರಾಂ ಅಕ್ಕಿಯ ಅನ್ನ, ಗಟ್ಟಿ ಬೇಳೆಸಾರು, ಪಲ್ಯ, ಮೊಸರು: 710, 22. ಸಂಜೆ 40 ಗ್ರಾಂ ಕಡಲೆಕಾಯಿ ಬೀಜ, ಬೆಲ್ಲ: 300, 10. ರಾತ್ರಿ 100 ಗ್ರಾಂ ರಾಗಿಹಿಟ್ಟಿನ ಮುದ್ದೆ, 40 ಗ್ರಾಂ ಹುರುಳಿಕಾಳಿನ ಸಾರು, ತುಪ್ಪ, ಸ್ವಲ್ಪ ಅನ್ನ: 750, 21. ಮೊಟ್ಟೆ ತಿನ್ನದ ಮನೆಯಲ್ಲಿ 50 ಗ್ರಾಂ ಹೆಸರುಕಾಳು ಮೊಳಕೆ ಕಟ್ಟಿದರೆ ಅದೇ 12 ಗ್ರಾಂ ಸಿಗುತ್ತದೆ.

ಕೂಡಿ ನೋಡಿ: ಪ್ರೋಟೀನ್ 82 ಗ್ರಾಂ, ಬೇಕಾದ್ದಕ್ಕಿಂತ ಹೆಚ್ಚು. ಕ್ಯಾಲೊರಿ 2710, ಸುಮಾರು 200 ಕಡಿಮೆ. ಡಬ್ಬಿಯ ಪ್ರೋಟೀನ್ ಪುಡಿ ತರುವ ಅಪ್ಪ-ಅಮ್ಮ ತುಂಬುವುದು ಆಗಲೇ ತುಂಬಿದ ಕಡೆ. ಕ್ಯಾಲೊರಿ ಸಾಲದಿದ್ದರೆ ದೇಹ ಆ ಪ್ರೋಟೀನನ್ನೂ ಉರುವಲು ಮಾಡಿಕೊಳ್ಳುತ್ತದೆ. ಸ್ನಾಯುವಿಗೆ ಹೋಗಬೇಕಾದ್ದು ಓಟಕ್ಕೇ ಸುಟ್ಟುಹೋಗುತ್ತದೆ. ಈ 200ಕ್ಕೆ ಮಲಗುವ ಮುಂಚೆ ಸಕ್ಕರೆ ಹಾಕಿದ ಒಂದು ಲೋಟ ಹಾಲು, ಅರ್ಧ ಬಾಳೆಹಣ್ಣು ಸಾಕು.

ಬೆಳಿಗ್ಗೆ ತಿನ್ನದೆ ಓಡುವ ಹುಡುಗನಲ್ಲಿ ಈ ಕೊರತೆ 400 ಮುಟ್ಟುತ್ತದೆ, ಏಕೆಂದರೆ ಬಿಟ್ಟದ್ದನ್ನು ಅವನು ಸಂಜೆ ತುಂಬಿಕೊಳ್ಳುವುದಿಲ್ಲ. ಗೊತ್ತುಮಾಡಿಕೊಳ್ಳಲು ವಾರಕ್ಕೊಮ್ಮೆ, ಬೆಳಿಗ್ಗೆ ಬರಿಹೊಟ್ಟೆಯಲ್ಲಿ ತೂಕ ನೋಡಿ ಬರೆದಿಡುತ್ತೇನೆ. ಎತ್ತರ ಏರುತ್ತಿದ್ದು ತೂಕ ಎರಡು ತಿಂಗಳು ಅಲ್ಲೇ ನಿಂತರೆ, ಮೂರನೇ ಸ್ಪೆಲ್‌ನಲ್ಲಿ ಚೆಂಡು ತಾನಾಗಿ ಶಾರ್ಟ್ ಬೀಳತೊಡಗಿದರೆ, ಮೊದಲು ಅನ್ನ, ಮುದ್ದೆ ಹೆಚ್ಚಿಸುತ್ತೇನೆ, ಮೊಟ್ಟೆಯನ್ನಲ್ಲ. ಹದಿನೈದು ದಿನ ಬಿಟ್ಟು ತೂಕ ಮತ್ತೆ ನೋಡುತ್ತೇನೆ. ಆಗಲೂ ಕದಲದಿದ್ದರೆ ವೈದ್ಯರಿಗೆ ತೋರಿಸಲು ಹೇಳುತ್ತೇನೆ.