ಸಹಿ ಹಾಕಿದ ವಾರವೇ ನೋಟಿಸ್: ಆಟೋ-ರಿನ್ಯೂವಲ್‌ನಿಂದ ನಾನು ಹೊರಬಂದದ್ದು

ತಾನಾಗಿ ಮುಂದುವರಿಯುವ ಒಂದು ಸಾಫ್ಟ್‌ವೇರ್ ಕಾಂಟ್ರಾಕ್ಟ್‌ನಲ್ಲಿ ಎರಡು ಸಲ ಸಿಕ್ಕಿಹಾಕಿಕೊಂಡು ಮೂರನೇ ಸಲ ಹೊರಬಂದೆ. ನಾನು ಹಿಡಿದ ದಾರಿ ಹೇಳಿದಾಗ ನನ್ನ ಜೊತೆ ಇದೇ ಕೆಲಸ ಮಾಡುವವರು ಯಾರೂ ಒಪ್ಪಲಿಲ್ಲ. 'ಹೀಗೆ ಮಾಡಿದರೆ ಮಾರಾಟಗಾರರು ಸಪೋರ್ಟ್ ನಿಲ್ಲಿಸುತ್ತಾರೆ' ಅಂದರು ಒಬ್ಬರು. 'ಅಷ್ಟು ಬೇಗ ಕೊಟ್ಟ ನೋಟಿಸ್ ನಿಲ್ಲಲ್ಲ' ಅಂದರು ಇನ್ನೊಬ್ಬರು. ನೋಟಿಸ್ ನಿಂತಿತು. ಸಪೋರ್ಟೂ ನಿಲ್ಲಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾವು ಬಳಸುತ್ತಿದ್ದದ್ದು ಗ್ರಾಹಕರ ದಾಖಲೆ ಇಡುವ ಒಂದು ಸಾಫ್ಟ್‌ವೇರ್. ಒಂದು ವರ್ಷದ ಕಾಂಟ್ರಾಕ್ಟ್. ಅವಧಿ ಮುಗಿಯುವುದಕ್ಕೆ ಕನಿಷ್ಠ 90 ದಿನ ಮುಂಚೆ ಬೇಡ ಅನ್ನದಿದ್ದರೆ ಇನ್ನೊಂದು ವರ್ಷ ತಾನಾಗಿ ಮುಂದುವರಿಯುತ್ತದೆ. ಪ್ರತಿ ರಿನ್ಯೂವಲ್‌ಗೆ ಶೇಕಡಾ 7 ಏರಿಕೆ. ಮೊದಲ ವರ್ಷದ ಫೀ 100 ಅಂತ ಇಟ್ಟುಕೊಳ್ಳಿ. ಎರಡನೇ ವರ್ಷ 107, ಮೂರನೇ ವರ್ಷ ಸುಮಾರು 114. ಬೇಡವೆಂದು ತೀರ್ಮಾನಿಸಿದ ಮೇಲೂ ನಾವು ಕೊಟ್ಟದ್ದು 221ರಷ್ಟು. 60 ಸೀಟಿಗೆ, ಅಂದರೆ 60 ಜನ ಬಳಸುವುದಕ್ಕೆ, ದುಡ್ಡು ಕಟ್ಟುತ್ತಿದ್ದೆವು, ದಿನಾ ಲಾಗಿನ್ ಆಗುತ್ತಿದ್ದವರು ಇಪ್ಪತ್ತು ಚಿಲ್ಲರೆ ಜನ. ಆ ದುಡ್ಡಲ್ಲಿ ಇನ್ನೊಬ್ಬರನ್ನು ಕೆಲಸಕ್ಕೆ ತೆಗೆದುಕೊಳ್ಳಬಹುದಿತ್ತು. ಆ ಸಿಟ್ಟು ಇನ್ನೂ ಹೋಗಿಲ್ಲ.

ಮೊದಲ ಸಲ ತಪ್ಪಿದ್ದು ತಾರೀಖಿನ ಲೆಕ್ಕದಲ್ಲಿ. ಇನ್‌ವಾಯ್ಸ್ ಮೇಲೆ ಏಪ್ರಿಲ್ 20 ಅಂತ ಇತ್ತು. ವರ್ಷ ಅಲ್ಲಿಂದ ಶುರು ಅಂದುಕೊಂಡು 90 ದಿನ ಹಿಂದೆ ಎಣಿಸಿದೆ, ಜನವರಿ 20 ಬಂತು. ಜನವರಿ 12ಕ್ಕೇ ಕಳಿಸಿ ಎಂಟು ದಿನ ಮುಂಚೆ ಇದ್ದೇನೆ ಎಂದು ನೆಮ್ಮದಿಯಿಂದ ಇದ್ದೆ. ಆದರೆ ಕೊಳ್ಳುವಾಗ ಸಹಿ ಹಾಕಿದ ಆರ್ಡರ್ ಫಾರ್ಮ್‌ನಲ್ಲಿ ಸಬ್‌ಸ್ಕ್ರಿಪ್ಶನ್ ಶುರುವಾಗುವ ದಿನ ಏಪ್ರಿಲ್ 1. ಅಂದರೆ ಅವಧಿ ಮುಗಿಯುವುದು ಮಾರ್ಚ್ 31. ಅಲ್ಲಿಂದ 90 ದಿನ ಹಿಂದೆ ಹೋದರೆ ಡಿಸೆಂಬರ್ 31. ನಾನು ಹನ್ನೆರಡು ದಿನ ತಡ.

ಒಂದು ಕಾಂಟ್ರಾಕ್ಟ್‌ನಲ್ಲಿ ನಾಲ್ಕು ತಾರೀಖು ಇರುತ್ತವೆ: ಸಹಿ ಹಾಕಿದ್ದು, ಸೇವೆ ಶುರುವಾದದ್ದು, ಇನ್‌ವಾಯ್ಸ್ ಬಂದದ್ದು, ದುಡ್ಡು ಕಟ್ಟಿದ್ದು. ಲೆಕ್ಕಕ್ಕೆ ಬರುವುದು ಅವಧಿ ಯಾವತ್ತು ಮುಗಿಯುತ್ತದೆ ಅನ್ನುವುದೊಂದೇ. ಅದು ಸಿಗುವುದು ಆರ್ಡರ್ ಫಾರ್ಮ್‌ನಲ್ಲಿ. ಇನ್ನೊಂದು ವಿಷಯ ಆಮೇಲೆ ಗೊತ್ತಾಯಿತು. ನಮ್ಮ ಕಾಂಟ್ರಾಕ್ಟ್‌ನಲ್ಲಿ ನೋಟಿಸ್ ಕಳಿಸಿದ ದಿನ ಲೆಕ್ಕಕ್ಕಿಲ್ಲ, ಅವರ ಕೈಗೆ ಮುಟ್ಟಿದ ದಿನವೇ ಲೆಕ್ಕ. ಡಿಸೆಂಬರ್ ಕೊನೇ ವಾರ ಅವರ ಆಫೀಸಲ್ಲಿ ಯಾರೂ ಇರಲ್ಲ. ಆ ವಾರ ಕೊರಿಯರ್ ಕೊಟ್ಟಿದ್ದರೂ ಅದು ಜನವರಿಯಲ್ಲೇ ಮುಟ್ಟುತ್ತಿತ್ತು. ಹೀಗಾಗಿ 90 ದಿನ ಅಂದರೆ ನಿಜವಾಗಿ 105 ದಿನ ಅಂತಲೇ ನಾನು ಈಗ ಹಿಡಿಯುತ್ತೇನೆ.

ಎರಡನೇ ವರ್ಷ ಹುಷಾರಾದೆ. ನವೆಂಬರ್‌ನಲ್ಲೇ ನಮ್ಮ ಅಕೌಂಟ್ ಮ್ಯಾನೇಜರ್‌ಗೆ ಮೇಲ್ ಹಾಕಿದೆ. 'ಸರ್, ನೋಟ್ ಮಾಡಿಕೊಂಡಿದ್ದೇನೆ, ಮುಂದಿನ ತಿಂಗಳು ಒಂದು ಕಾಲ್‌ನಲ್ಲಿ ಕೂತು ಮಾತಾಡೋಣ' ಅಂತ ಉತ್ತರ ಬಂತು. ಕಾಲ್ ಎರಡು ಸಲ ಮುಂದಕ್ಕೆ ಹೋಯಿತು. ಜನವರಿ ಎರಡನೇ ವಾರ ರಿನ್ಯೂವಲ್ ಇನ್‌ವಾಯ್ಸ್ ಬಂತು. ಕೇಳಿದರೆ ಅವರ ಲೀಗಲ್‌ನವರು ನೋಟಿಸ್ ಕ್ಲಾಜ್ ತೋರಿಸಿದರು. ನೋಟಿಸ್ ಲಿಖಿತವಾಗಿ ಅವರ ನೋಂದಾಯಿತ ವಿಳಾಸಕ್ಕೆ ಕೊರಿಯರ್‌ನಲ್ಲಿ ಹೋಗಬೇಕು, ಪ್ರತಿ ಲೀಗಲ್ ವಿಭಾಗದ ಮೇಲ್‌ಗೆ ಹೋಗಬೇಕು. ಅಕೌಂಟ್ ಮ್ಯಾನೇಜರ್‌ಗೆ ಹಾಕಿದ ಮೇಲ್ ನೋಟಿಸ್ ಅಲ್ಲ. ಮೇಲಾಗಿ ನಾನು 'ಕಾಂಟ್ರಾಕ್ಟ್ ರದ್ದು ಮಾಡುತ್ತಿದ್ದೇವೆ' ಅಂತ ಬರೆದಿದ್ದೆ. ಮಧ್ಯದಲ್ಲಿ ರದ್ದು ಮಾಡುವ ಹಕ್ಕು ನಮಗಿರಲಿಲ್ಲ. ನಮಗಿದ್ದದ್ದು ಮುಂದುವರಿಸದಿರುವ ಹಕ್ಕು ಮಾತ್ರ. ಈ ಎರಡು ಬೇರೆ ಬೇರೆ. ತಪ್ಪು ಪದ ಹಾಕಿದರೆ ಅವರಿಗೆ ಒಂದು ಕಾರಣ ಕೊಟ್ಟ ಹಾಗೆ.

ಆ ಸಿಟ್ಟಿನಲ್ಲಿ ಒಂದು ಪ್ರಯೋಗವನ್ನೂ ಮಾಡಿದೆ. ದುಡ್ಡು ಕಡಿತ ಆಗುತ್ತಿದ್ದ ಕಾರ್ಡ್ ನಿಲ್ಲಿಸಿಬಿಟ್ಟೆ. ಕಾಂಟ್ರಾಕ್ಟ್ ಹಾಗೇ ಉಳಿಯಿತು, ಬಾಕಿ ಮೇಲೆ ಬಡ್ಡಿ ಸೇರಿತು, ಸುಮಾರು ನಲವತ್ತು ದಿನಕ್ಕೆ ನಮ್ಮ ಲಾಗಿನ್ ಬಂದ್ ಆಯಿತು. ಡೇಟಾ ಎಲ್ಲಾ ಒಳಗೇ. ಮೂರು ದಿನ ತಡೆದು ದುಡ್ಡು ಕಟ್ಟಿದೆವು. ಈ ದಾರಿ ಯಾರೂ ಹಿಡಿಯಬೇಡಿ. ನಮ್ಮಲ್ಲೇ ಇನ್ನೊಂದು ಸಣ್ಣ ಟೂಲ್ ಇದೆ, ಆನ್‌ಲೈನ್‌ನಲ್ಲೇ ಒಪ್ಪಿಗೆ ಒತ್ತಿ ತೆಗೆದುಕೊಂಡದ್ದು. ಅದರಲ್ಲಿ ಅಡ್ಮಿನ್ ಪೇಜ್‌ಗೆ ಹೋಗಿ ಆಟೋ-ರಿನ್ಯೂ ಸ್ವಿಚ್ ಆಫ್ ಮಾಡಿದರೆ ಮುಗಿಯಿತು. ಸಹಿ ಹಾಕಿದ ಆರ್ಡರ್ ಫಾರ್ಮ್ ಇದ್ದಲ್ಲಿ ಆ ಸ್ವಿಚ್ ಇದ್ದರೂ ನಂಬಬೇಡಿ. ಕಾಗದ ಏನು ಹೇಳುತ್ತದೋ ಅದೇ ನಡೆಯುತ್ತದೆ.

ಮೂರನೇ ವರ್ಷ ಶುರುವಾದ ಮೊದಲ ವಾರ, ಏಪ್ರಿಲ್ 6ಕ್ಕೆ, ನಾನ್-ರಿನ್ಯೂವಲ್ ನೋಟಿಸ್ ಕಳಿಸಿಬಿಟ್ಟೆ. ಇಷ್ಟೇ ನನ್ನ ದಾರಿ. ಕ್ಲಾಜ್‌ನಲ್ಲಿ 'ಕನಿಷ್ಠ 90 ದಿನ' ಅಂತ ಇದೆ, 'ಗರಿಷ್ಠ' ಅನ್ನುವ ಮಾತೇ ಇಲ್ಲ. 359 ದಿನ ಮುಂಚೆ ಕೊಟ್ಟರೂ ಅದು ಕನಿಷ್ಠ 90ಕ್ಕೆ ಸರಿಯೇ ಅಲ್ವಾ? ಸಂಬಂಧ ಹಾಳಾಗುತ್ತದೆ ಅನ್ನುವ ಭಯ ನಮ್ಮ ಫೈನಾನ್ಸ್‌ನವರಿಗೂ ಇತ್ತು. ನಾನು ಕೇಳಿದ್ದು ಒಂದೇ: ಬೇಕಾದರೆ ಮಾರ್ಚ್‌ನಲ್ಲಿ ಹೊಸ ಆರ್ಡರ್ ಸಹಿ ಮಾಡೋಣ, ಬೇಡ ಅಂದವರಿಗೆ ಮತ್ತೆ ಕೊಡಲ್ಲ ಅನ್ನುವ ಮಾರಾಟಗಾರ ಯಾರಿದ್ದಾರೆ? ಒಂದು ಮಾತು ಮಾತ್ರ ನೆನಪಿಡಿ. ಕೆಲವು ಕಾಂಟ್ರಾಕ್ಟ್‌ಗಳಲ್ಲಿ '120 ದಿನಕ್ಕಿಂತ ಮುಂಚೆ ಅಲ್ಲ, 90 ದಿನಕ್ಕಿಂತ ತಡ ಅಲ್ಲ' ಅಂತ ಒಂದು ಕಿಟಕಿ ಇರುತ್ತದೆ. ಅಲ್ಲಿ ಈ ದಾರಿ ನಡೆಯಲ್ಲ, ಆ ಮೂವತ್ತು ದಿನದ ಕಿಟಕಿ ತೆರೆಯುವವರೆಗೆ ಕಾಯಲೇಬೇಕು.

ನೋಟಿಸ್ ಅರ್ಧ ಪುಟ. ಬರೆಯುವುದಕ್ಕಿಂತ ಅದರ ಮುಂಚಿನ ಕೆಲಸವೇ ಜಾಸ್ತಿ ಸಮಯ ತಿಂದಿತು. ಎಲ್ಲ ಕಾಗದ ತೆಗೆದು ಹರಡಿದೆ. ಆಗ ಸಿಕ್ಕಿದ್ದು ಮೊದಲ ವರ್ಷ ಮಧ್ಯದಲ್ಲಿ ಹದಿನೈದು ಸೀಟು ಸೇರಿಸಿದಾಗ ಸಹಿ ಮಾಡಿದ ಇನ್ನೊಂದು ಆರ್ಡರ್ ಫಾರ್ಮ್. ಅದು ಸೆಪ್ಟೆಂಬರ್ 1ರಿಂದ ಆಗಸ್ಟ್ 31. ಮುಖ್ಯ ಆರ್ಡರ್ ಜೊತೆ ಮುಗಿಯುತ್ತದೆ ಅಂತ ಎಲ್ಲೂ ಬರೆದಿರಲಿಲ್ಲ. ಅದರ ನೋಟಿಸ್ ಗಡುವು ಜೂನ್ 2. ಮುಖ್ಯ ಆರ್ಡರ್ ಒಂದನ್ನೇ ನಿಲ್ಲಿಸಿದ್ದರೆ ಆ ಹದಿನೈದು ಸೀಟು ಮತ್ತೊಂದು ವರ್ಷ ಎಳೆಯುತ್ತಿತ್ತು. ಆಮೇಲೆ ಇನ್ನೊಂದು ಕಂಡಿತು. ನಮ್ಮ ಮಾರಾಟಗಾರರನ್ನು ಬೇರೆ ಕಂಪನಿ ಕೊಂಡಿತ್ತು, ಇನ್‌ವಾಯ್ಸ್ ಮೇಲಿನ ಹೆಸರೇ ಬೇರೆ ಆಗಿತ್ತು. ಎರಡೂ ಹೆಸರಿಗೆ, ಎರಡೂ ವಿಳಾಸಕ್ಕೆ ಕಳಿಸಿದೆ. ಕೊರಿಯರ್ ಖರ್ಚು ಎರಡು ಪಟ್ಟಾಯಿತು, ಆಗಲಿ.

ಒಳಗೆ ಬರೆದದ್ದು ಇಷ್ಟು: ಈ ಈ ನಂಬರಿನ ಎರಡು ಆರ್ಡರ್ ಫಾರ್ಮ್‌ಗಳನ್ನು, ಮತ್ತು ನಮ್ಮ ನಡುವೆ ಇರುವ ಬೇರೆ ಯಾವುದೇ ಆರ್ಡರ್ ಇದ್ದರೆ ಅದನ್ನೂ, ಈಗಿನ ಅವಧಿ ಮುಗಿದ ಮೇಲೆ ನಾವು ಮುಂದುವರಿಸುವುದಿಲ್ಲ. ಕಾಂಟ್ರಾಕ್ಟ್‌ನ ಇಂಥ ಕ್ಲಾಜ್ ಪ್ರಕಾರ ಇದು ನೋಟಿಸ್. ತಲುಪಿದ್ದಕ್ಕೆ ಮತ್ತು ಎರಡೂ ಆರ್ಡರ್ ಮುಗಿಯುವ ತಾರೀಖಿಗೆ ಲಿಖಿತ ಉತ್ತರ ಕೊಡಿ. ಕಾರಣ ಬರೆಯಲಿಲ್ಲ, ಬೆಲೆ ಜಾಸ್ತಿ ಅನ್ನಲಿಲ್ಲ. ಕಾರಣ ಬರೆದರೆ ಮಾತುಕತೆ ಶುರುವಾಗುತ್ತದೆ, ನೋಟಿಸ್ ಹಿಂದೆ ಸರಿಯುತ್ತದೆ. ಕೆಳಗೆ ಸಹಿ ಹಾಕಿದವರು ಕಾಂಟ್ರಾಕ್ಟ್‌ಗೆ ಸಹಿ ಹಾಕಿದ ನಮ್ಮ ಡೈರೆಕ್ಟರ್, ನಾನಲ್ಲ.

ಲಿಖಿತ ಉತ್ತರ ಬರಲು ಐದು ವಾರ ಹಿಡಿಯಿತು. ನಾಲ್ಕು ಸಲ ನೆನಪಿಸಿದೆ. ನಾಲ್ಕನೇ ಸಲ ಯಾರಿಗೆ, ಯಾವ ದಿನ ಫೋನ್ ಮಾಡಿದೆ ಅನ್ನುವುದನ್ನು ಇಲ್ಲಿ ಹೇಳುವುದಿಲ್ಲ. ಇನ್ನೂ ಬೇರೆ ಕಾಂಟ್ರಾಕ್ಟ್‌ಗಳಿವೆ, ಅಲ್ಲಿ ಬೇಕಾಗುತ್ತದೆ. ಮಾರನೇ ದಿನವೇ ಉತ್ತರ ಬಂತು ಅಂತ ಮಾತ್ರ ಹೇಳಬಲ್ಲೆ.

ಆಮೇಲೆ ಅವರ ಕಡೆಯಿಂದ ಆಮಿಷಗಳು ಶುರುವಾದವು. ಡಿಸೆಂಬರ್‌ನಲ್ಲಿ ಶೇಕಡಾ 30 ಕಡಿಮೆ ಮಾಡುತ್ತೇವೆ ಅಂದರು. ಎರಡು ವರ್ಷ ಗೋಗರೆದಾಗ ಶೇಕಡಾ 5 ಕೂಡ ಇಳಿಸಿರಲಿಲ್ಲ. ಫೆಬ್ರವರಿಯಲ್ಲಿ 'ಡೇಟಾ ಸಾಗಿಸಲು ಸಮಯ ಬೇಕಲ್ಲ, 60 ದಿನದ ಎಕ್ಸ್‌ಟೆನ್ಶನ್‌ಗೆ ಸಹಿ ಮಾಡಿ' ಅಂತ ಒಂದು ಪುಟ ಬಂತು. ಅದನ್ನು ಓದಿದರೆ 'ಮಾಸ್ಟರ್ ಅಗ್ರಿಮೆಂಟ್‌ನ ಎಲ್ಲ ಷರತ್ತು ಅನ್ವಯ' ಅಂತ ಇದೆ. ಅಂದರೆ ಮೂಲ ಕಾಂಟ್ರಾಕ್ಟ್‌ನ ಆಟೋ-ರಿನ್ಯೂವಲ್ ಕೂಡ. 60 ದಿನದ ಅವಧಿಗೆ 90 ದಿನ ಮುಂಚೆ ನೋಟಿಸ್ ಕೊಡಲು ಆಗುವುದೇ ಇಲ್ಲ. ಸಹಿ ಮಾಡಲಿಲ್ಲ.

ಡೇಟಾ ತೆಗೆಯುವ ಕೆಲಸ ನವೆಂಬರ್‌ನಲ್ಲೇ ಶುರು ಮಾಡಿದ್ದೆ. ಗ್ರಾಹಕರ ಪಟ್ಟಿ ಒಂದು ಬೆಳಗ್ಗೆಯಲ್ಲೇ ಸಿಎಸ್‌ವಿ ಫೈಲ್ ಆಗಿ ಬಂತು. ಕಾಡಿದ್ದು ಅಟ್ಯಾಚ್‌ಮೆಂಟ್‌ಗಳು. ನಲವತ್ತು ಸಾವಿರದ ಹತ್ತಿರ ಫೈಲ್, ಎಕ್ಸ್‌ಪೋರ್ಟ್ ಬಟನ್ ಒತ್ತಿದರೆ ಅವು ಬರುವುದೇ ಇಲ್ಲ. ಎಪಿಐ, ಅಂದರೆ ಒಂದು ಪ್ರೋಗ್ರಾಂ ಇನ್ನೊಂದರಿಂದ ನೇರವಾಗಿ ಡೇಟಾ ಕೇಳುವ ದಾರಿ, ಅದರ ಮೂಲಕ ಎಳೆದೆವು. ದಿನಕ್ಕೆ ಇಷ್ಟೇ ಸಲ ಕೇಳಬಹುದು ಅಂತ ಮಿತಿ ಇದ್ದದ್ದರಿಂದ ರಾತ್ರಿ ಹೊತ್ತು ಓಡಿಸಿ ಸುಮಾರು ಮೂರು ವಾರ ಹಿಡಿಯಿತು. ಬಂದ ಫೈಲ್‌ಗಳ ಹೆಸರೆಲ್ಲಾ ಬರೀ ನಂಬರ್. ಯಾವ ನಂಬರ್ ಯಾವ ಗ್ರಾಹಕರದ್ದು ಅನ್ನುವ ಟೇಬಲ್ ಬೇರೆ ತೆಗೆಯಬೇಕಾಯಿತು. ಮೊದಲ ಸುತ್ತಿನಲ್ಲಿ ಅದನ್ನು ಮರೆತು ಒಂದು ವಾರ ಹೋಯಿತು. ಅವಧಿ ಮುಗಿದ ಮೇಲೆ 30 ದಿನ ಡೇಟಾ ಇಡುತ್ತೇವೆ ಅಂತ ಕಾಂಟ್ರಾಕ್ಟ್‌ನಲ್ಲಿತ್ತು. ನಮ್ಮ ಲೆಕ್ಕದಲ್ಲಿ ಆ 30 ದಿನ ಇಲ್ಲವೇ ಇಲ್ಲ ಅಂದುಕೊಂಡು ಕೆಲಸ ಮಾಡಿದ್ದು ಒಳ್ಳೆಯದಾಯಿತು.

ಮಾರ್ಚ್ 25ಕ್ಕೆ ಎಲ್ಲರ ಲಾಗಿನ್ ಆಫ್ ಮಾಡಿದೆ. ಅವಧಿ ಮುಗಿದ ಮೇಲೂ ಬಳಸಿದರೆ ಮುಂದುವರಿಸಲು ಒಪ್ಪಿದಂತೆ ಅನ್ನುವ ಒಂದು ಸಾಲು ಅವರ ಷರತ್ತುಗಳಲ್ಲಿತ್ತು. ಎಲ್ಲೋ ಒಂದು ಫೋನ್‌ನ ಆಪ್ ತಾನಾಗಿ ಲಾಗಿನ್ ಆಗುವುದು ಬೇಡ ಅಂತ, ಬೇರೆ ಟೂಲ್‌ಗಳ ಜೊತೆ ಜೋಡಿಸಿದ ಕೀಗಳನ್ನೂ ತೆಗೆದುಹಾಕಿದೆ. ಯಾರು ಯಾವಾಗ ಕೊನೆಗೆ ಒಳಗೆ ಬಂದರು ಅನ್ನುವ ಲಾಗ್ ಇಳಿಸಿಟ್ಟುಕೊಂಡೆ.

ಏಪ್ರಿಲ್ 9ಕ್ಕೆ ಇನ್‌ವಾಯ್ಸ್ ಬಂತು! ಅವರ ಬಿಲ್ಲಿಂಗ್ ವ್ಯವಸ್ಥೆಗೆ ಯಾರೂ ಹೇಳಿರಲಿಲ್ಲ. ಮೊದಲಿನ ನಾನಾಗಿದ್ದರೆ ಕೈಕಾಲು ನಡುಗುತ್ತಿತ್ತು. ಈ ಸಲ ಅವರದೇ ಲೀಗಲ್ ಕಳಿಸಿದ್ದ ಉತ್ತರ, ಕೊರಿಯರ್ ರಸೀದಿ, ಆ ಲಾಗ್, ಮೂರನ್ನೂ ಸೇರಿಸಿ ಒಂದೇ ಸಾಲಿನ ಮೇಲ್ ಹಾಕಿದೆ. ನಾಲ್ಕು ದಿನಕ್ಕೆ ಆ ಇನ್‌ವಾಯ್ಸ್ ವಜಾ ಮಾಡುವ ಕ್ರೆಡಿಟ್ ನೋಟ್ ಬಂತು.

ಅದಾದ ಮೇಲೆ ಬೇರೆ ಐದು ಕಾಂಟ್ರಾಕ್ಟ್‌ಗಳಲ್ಲಿ ಸಹಿಗೆ ಮುಂಚೆಯೇ ಆಟೋ-ರಿನ್ಯೂವಲ್ ಸಾಲು ಹೊಡೆದುಹಾಕಿ ಅಂತ ಕೇಳಿ ನೋಡಿದೆ. ಮೂವರು ಸುಮ್ನೆ ಒಪ್ಪಿಕೊಂಡರು. ಒಬ್ಬರು 90 ದಿನವನ್ನು 30ಕ್ಕೆ ಇಳಿಸಿ, ಮೇಲ್‌ನಲ್ಲಿ ಕೊಟ್ಟರೂ ಸಾಕು ಅಂತ ಬರೆದುಕೊಟ್ಟರು. ಐದನೆಯವರು ಒಪ್ಪಲೇ ಇಲ್ಲ. ಅವರ ಕಾಂಟ್ರಾಕ್ಟ್‌ಗೆ ಸೋಮವಾರ ಸಹಿ ಹಾಕಿದೆವು, ಗುರುವಾರ ನೋಟಿಸ್ ಕೊರಿಯರ್‌ಗೆ ಹೋಯಿತು.